ಎಕ್ಸ್-ರೇಯಲ್ಲಿ ಮುರಿತ ಇಲ್ಲ, ಆದರೂ ಮೂರು ಬೆರಳಿಗೆ ಜೋಮು: ಒಂಬತ್ತು ದಿನ ತಪ್ಪಿಸಿಕೊಂಡ ಮಣಿಕಟ್ಟಿನ ಗಾಯ

ಮಳೆಕಾಡು

ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುತ್ತೇನೆ. ಮೂಳೆ ಡಾಕ್ಟರ್ ಅಲ್ಲ. ಈ ಕೇಸನ್ನು ಪೂರ್ತಿ ಬರೆಯುತ್ತೇನೆ. ಮೊದಲ ಫಿಲ್ಮ್‌ನಲ್ಲೇ ಏನು ಕಾಣಬೇಕಿತ್ತು ಅಂತ ನನಗೆ ತಿಳಿಯಬೇಕು.

34 ವರ್ಷದ ಗಂಡಸು. ಅಡಿಕೆ ಕೊನೆ ತೆಗೆಯುವ ಕೆಲಸ. ಮರದಿಂದ ಸುಮಾರು ಹನ್ನೆರಡು ಅಡಿ ಕೆಳಗೆ ಬಿದ್ದಿದ್ದಾರೆ. ಬಲಗೈ ಊರಿದ್ದಾರೆ. ಸಂಜೆ ಬಂದಾಗ ಮಣಿಕಟ್ಟು ಊದಿತ್ತು. ಡೊಂಕಾಗಿ ಏನೂ ಕಾಣಲಿಲ್ಲ. ಎದುರಿಂದ ಒಂದು, ಓರೆಯಾಗಿ ಒಂದು, ಪಕ್ಕದಿಂದ ಒಂದು ಎಕ್ಸ್-ರೇ ತೆಗೆಸಿದೆ. ಪಕ್ಕದ ಫಿಲ್ಮ್ ಸ್ವಲ್ಪ ತಿರುಗಿತ್ತು. ನೋವಿನಿಂದ ಕೈ ಸರಿಯಾಗಿ ಇಡಲಾಗಲಿಲ್ಲ. ಮುಂಗೈ ಮೂಳೆ ರೇಡಿಯಸ್ ನೋಡಿದೆ, ಮಣಿಕಟ್ಟಿನ ಸಣ್ಣ ಮೂಳೆ ಸ್ಕೇಫಾಯ್ಡ್ ನೋಡಿದೆ. ಎಲ್ಲೂ ಗೆರೆ ಇಲ್ಲ. ಉಳುಕು ಅಂತ ಬರೆದು ಕ್ರೇಪ್ ಬ್ಯಾಂಡೇಜ್ ಕಟ್ಟಿ, ನೋವಿನ ಮಾತ್ರೆ ಕೊಟ್ಟು ಕಳಿಸಿದೆ.

ಒಂಬತ್ತನೇ ದಿನ ವಾಪಸ್ ಬಂದರು. ಬೆರಳು ಪೂರ್ತಿ ಮಡಚಲು ಆಗುತ್ತಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು. ರಾತ್ರಿ ನಿದ್ದೆ ಇಲ್ಲ. ಅವರ ಹೆಂಡತಿ ನನ್ನನ್ನು ಕೇಳಿದ್ದು ಒಂದೇ ಮಾತು: "ಮೂಳೆ ಮುರಿದಿಲ್ಲ ಅಂದ್ರಿ, ಮತ್ತೆ ಬೆರಳು ಯಾಕೆ ಸತ್ತಂಗೆ ಆಗಿದೆ?" ಮತ್ತೆ ಎಕ್ಸ್-ರೇ ತೆಗೆಸಿದೆ. ಈ ಸಲ ಪಕ್ಕದ ಫಿಲ್ಮ್ ನೇರವಾಗಿ ಬಂತು. ಏನೋ ಸರಿಯಿಲ್ಲ ಅಂತ ನನಗೂ ಕಾಣಿಸಿತು. ಜಿಲ್ಲಾ ಕೇಂದ್ರಕ್ಕೆ ಫೋಟೋ ಕಳಿಸಿದೆ. ಪೆರಿಲ್ಯೂನೇಟ್ ಡಿಸ್‌ಲೊಕೇಶನ್, ಅಂದರೆ ಮಣಿಕಟ್ಟಿನ ಸಣ್ಣ ಮೂಳೆಗಳು ಜಾಗ ಬಿಟ್ಟಿವೆ, ಕೂಡಲೇ ಕಳಿಸಿ ಅಂದರು. ಸ್ಲ್ಯಾಬ್ ಹಾಕಿ, ಕೈ ಎತ್ತಿಡಿಸಿ ಕಳಿಸಿದ್ದೇನೆ.

ಈಗ ಹಳೆಯ ಫಿಲ್ಮ್ ಲೈಟ್ ಬಾಕ್ಸ್‌ನಲ್ಲಿಟ್ಟು ಕೂತಿದ್ದೇನೆ. ಎದುರಿನ ಫಿಲ್ಮ್‌ನಲ್ಲಿ ಮಣಿಕಟ್ಟಿನ ನಡುವಿನ ಸಣ್ಣ ಮೂಳೆ ಲ್ಯೂನೇಟ್ ತ್ರಿಕೋನದ ಹಾಗಿದೆ. ಅದರ ಮೇಲೆ ಪಕ್ಕದ ಮೂಳೆ ಕ್ಯಾಪಿಟೇಟ್ ಹತ್ತಿ ಕೂತಂತಿದೆ. ಸ್ಕೇಫಾಯ್ಡ್ ಮತ್ತು ಲ್ಯೂನೇಟ್ ನಡುವಿನ ಸಂದು ಅಷ್ಟೇನೂ ಅಗಲ ಇಲ್ಲ. ಇಷ್ಟರಲ್ಲೇ ಗೊತ್ತಾಗಬೇಕಿತ್ತಾ?

ಎರಡನೇ ವರ್ಷದ ಪಿ.ಜಿ.

ಮೇಡಂ, ಆ ಸಂದು ಅಳೆದಿರಾ? 3 ಮಿ.ಮೀ. ದಾಟಿದರೆ ಮಾತ್ರ ಆ ಎರಡು ಮೂಳೆಯನ್ನು ಕಟ್ಟಿಹಿಡಿಯುವ ಸ್ಕೇಫೋಲ್ಯೂನೇಟ್ ಲಿಗಮೆಂಟ್ ಹರಿದಿದೆ ಅಂತ ಅರ್ಥ. ಟೆರ್ರಿ ಥಾಮಸ್ ಸೈನ್ ಅಂತಾರೆ. ಆ ಹೆಸರಿನ ಬ್ರಿಟಿಷ್ ಹಾಸ್ಯನಟನ ಮುಂದಿನ ಹಲ್ಲುಗಳ ನಡುವೆ ಸಂದಿತ್ತು, ಅದಕ್ಕೇ ಆ ಹೆಸರು. ನಿಮ್ಮ ಫಿಲ್ಮ್‌ನಲ್ಲಿ ಸಂದು ಇಲ್ಲ ಅಂದರೆ ಮೊದಲ ದಿನ ಲಿಗಮೆಂಟ್ ಸರಿಯಾಗೇ ಇತ್ತು. ಆಮೇಲೆ ಕೈ ಬಳಸಿ ಜಾರಿರಬಹುದು. ಈಗ ಎಳೆದು ಕೂರಿಸಿ ಆರು ವಾರ ಪ್ಲಾಸ್ಟರ್ ಹಾಕಿದರೆ ಸಾಕು ಅನಿಸುತ್ತೆ.

ಕೈಮರ

ನಾನು ಇಪ್ಪತ್ತು ವರ್ಷದಿಂದ ಕೈ ಸರ್ಜರಿ ಮಾಡುತ್ತಿದ್ದೇನೆ. ಪಿ.ಜಿ. ಹೇಳಿದ್ದರಲ್ಲಿ ಅರ್ಧ ಸರಿ. 3 ಮಿ.ಮೀ. ಮೇಲೆ ಇದ್ದರೆ ಅನುಮಾನ ಪಡಬೇಕು, ನಿಜ. ಸಂದು ಕಾಣದಿದ್ದರೆ ಲಿಗಮೆಂಟ್ ಸರಿ ಇದೆ ಅನ್ನೋದು ಸರಿಯಲ್ಲ. ಅದರಲ್ಲೂ ಈ ಕೇಸಿನಲ್ಲಿ ಅಲ್ಲ. ಇಲ್ಲಿ ಮೂಳೆಗಳು ಒಂದರ ಮೇಲೊಂದು ಏರಿವೆ. ಸಂದು ಆ ನೆರಳಿನಡಿ ಮುಚ್ಚಿಹೋಗಿದೆ.

ಮೇಡಂ, ನೀವು ಈಗ ನೋಡಿದ ಎರಡೂ ವಿಷಯ ಸರಿಯಾಗಿವೆ. ಎದುರಿನ ಫಿಲ್ಮ್‌ನಲ್ಲಿ ಲ್ಯೂನೇಟ್ ನಾಲ್ಕು ಮೂಲೆಯಾಗಿ ಕಾಣಬೇಕು. ತ್ರಿಕೋನ ಆಯಿತು ಅಂದರೆ ಅದು ಬಾಗಿದೆ. ಎರಡನೆಯದು ಸಂದುಗಳು. ಸಣ್ಣ ಮೂಳೆಗಳ ನಡುವಿನ ಸಂದುಗಳು ಹೆಚ್ಚು ಕಡಿಮೆ ಒಂದೇ ಅಗಲ ಇರುತ್ತವೆ. ಎದುರುಬದುರು ಅಂಚುಗಳು ಜೋಡಿ ಗೆರೆಯ ಹಾಗೆ ಓಡುತ್ತವೆ. ಎಲ್ಲಾದರೂ ಒಂದು ಮೂಳೆ ಇನ್ನೊಂದರ ಮೇಲೆ ಬಿದ್ದು ಸಂದೇ ಅಳಿಸಿಹೋಗಿದ್ದರೆ ಅಲ್ಲೇ ನಿಂತುಬಿಡಿ.

ನಾನು ಹುಡುಗರಿಗೆ ಹೇಳಿಕೊಡುವುದು ಹೀಗೆ. ಫಿಲ್ಮ್ ಮೇಲೆ ಪೆನ್ಸಿಲ್‌ನಿಂದ ಮೂರು ಕಮಾನು ಎಳೆಯಿರಿ. ಮೊದಲನೆಯದು ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಮ್ ಮೂರರ ಮುಂಗೈ ಕಡೆಯ ಅಂಚು. ಎರಡನೆಯದು ಅದೇ ಮೂರರ ಬೆರಳ ಕಡೆಯ ಅಂಚು. ಮೂರನೆಯದು ಕ್ಯಾಪಿಟೇಟ್ ಮತ್ತು ಹ್ಯಾಮೇಟ್ ತಲೆಯ ಗುಂಡು. ಗಿಲುಲಾ ಅನ್ನುವವರು 1979ರಲ್ಲಿ ಬರೆದದ್ದು. ಕೈ ಎತ್ತದೆ ಎಳೆಯಲು ಬರಬೇಕು. ಮೆಟ್ಟಿಲು ಸಿಕ್ಕ ಕಡೆ ಗಾಯ ಇದೆ. ನಿಮ್ಮ ಫಿಲ್ಮ್‌ನಲ್ಲಿ ಮೊದಲ ಎರಡು ಕಮಾನು ಲ್ಯೂನೇಟ್ ಹತ್ತಿರ ಮುರಿದಿರುತ್ತವೆ, ನೋಡಿ ಹೇಳಿ.

ಆದರೆ ಈ ಗಾಯವನ್ನು ಖಚಿತವಾಗಿ ಹಿಡಿಯುವುದು ಪಕ್ಕದ ಫಿಲ್ಮ್‌ನಲ್ಲೇ. ರೇಡಿಯಸ್ ಒಂದು ಹಲಗೆ ಅಂದುಕೊಳ್ಳಿ. ಅದರ ಮೇಲೆ ಲ್ಯೂನೇಟ್ ಒಂದು ಬಟ್ಟಲು. ಬಟ್ಟಲಲ್ಲಿ ಕ್ಯಾಪಿಟೇಟ್ ತಲೆ ನಿಂಬೆಹಣ್ಣಿನ ಹಾಗೆ ಕೂತಿರುತ್ತದೆ. ಮೂರೂ ಒಂದೇ ಸಾಲಿನಲ್ಲಿ ಇರಬೇಕು. ನಿಂಬೆಹಣ್ಣು ಬಟ್ಟಲಿಂದ ಹಿಂಗೈ ಕಡೆ ಉರುಳಿದ್ದು, ಬಟ್ಟಲು ಹಲಗೆಯ ಮೇಲೇ ಇದ್ದರೆ ಅದು ಪೆರಿಲ್ಯೂನೇಟ್. ಬಟ್ಟಲೇ ಅಂಗೈ ಕಡೆ ಮಗುಚಿ ಬಿದ್ದಿದ್ದರೆ ಲ್ಯೂನೇಟ್ ಡಿಸ್‌ಲೊಕೇಶನ್. ಎರಡೂ ಒಂದೇ ದಾರಿಯ ಬೇರೆ ಬೇರೆ ನಿಲ್ದಾಣ.

ಮಳೆಕಾಡು

ಎಳೆದು ನೋಡಿದೆ ಸರ್. ಎರಡೂ ಕಮಾನು ಮುರಿದಿವೆ. ಮೂರನೆಯದು ಸರಿ ಇದೆ. ಹೊಸ ಪಕ್ಕದ ಫಿಲ್ಮ್‌ನಲ್ಲಿ ಬಟ್ಟಲು ಹಲಗೆ ಮೇಲಿದೆ, ಸ್ವಲ್ಪ ಅಂಗೈ ಕಡೆ ವಾಲಿದೆ. ನಿಂಬೆಹಣ್ಣು ಹಿಂದೆ ಕೂತಿದೆ. ಹಳೆಯ ಫಿಲ್ಮ್ ತಿರುಗಿದ್ದರಿಂದ ಎಲ್ಲ ಒಂದರ ಮೇಲೊಂದು ಬಿದ್ದು ಗೋಜಲಾಗಿತ್ತು. ಇನ್ನೊಮ್ಮೆ ತೆಗೆಸಬೇಕಿತ್ತು. ಅದು ನನ್ನ ತಪ್ಪು.

ಕತ್ತಲ ಕೋಣೆ

ಮೇಡಂ, ನಾನು ಎಕ್ಸ್-ರೇ ಟೆಕ್ನಿಶಿಯನ್. ಇದರಲ್ಲಿ ನಮ್ಮ ಪಾಲೂ ಇದೆ. ನೋವಿರುವ ಕೈಯನ್ನು ಹಾಗೇ ಮೇಜಿನ ಮೇಲೆ ಅಡ್ಡ ಮಲಗಿಸಿ ತೆಗೆದುಬಿಡುತ್ತೇವೆ. ಅದು ಪಕ್ಕದ ಫಿಲ್ಮ್ ಅಲ್ಲ, ಅರ್ಧ ಓರೆ. ಮೊಣಕೈ 90 ಡಿಗ್ರಿ ಮಡಚಿ, ತೋಳು ಮೈಗೆ ಒತ್ತಿ, ಹೆಬ್ಬೆರಳು ಮೇಲೆ ಮಾಡಿ ಕಿರುಬೆರಳ ಬದಿ ಕ್ಯಾಸೆಟ್ ಮೇಲೆ ಇಡಿಸಬೇಕು. ಮಧ್ಯದ ಬೆರಳ ಮೂಳೆ ಮತ್ತು ರೇಡಿಯಸ್ ಒಂದು ಗೆರೆಯಲ್ಲಿ ಬರಬೇಕು. ಆಗದಿದ್ದರೆ ಸ್ಪಂಜಿನ ತುಂಡು ಕೊಟ್ಟು ಇಡಿಸಿ.

ಫಿಲ್ಮ್ ಸರಿ ಬಂದಿದೆಯಾ ಅಂತ ನೋಡಲು ಹಿರಿಯರು ಕಲಿಸಿದ ಒಂದು ಗುರುತಿದೆ. ಪಿಸಿಫಾರ್ಮ್ ಅನ್ನೋ ಬಟಾಣಿ ಮೂಳೆಯ ಮುಂದಿನ ಅಂಚು ಎಲ್ಲಿ ಬಿದ್ದಿದೆ ನೋಡಿ. ಸ್ಕೇಫಾಯ್ಡ್ ಗಂಟಿನ ಮುಂದಿನ ಅಂಚಿಗೂ ಕ್ಯಾಪಿಟೇಟ್ ತಲೆಯ ಮುಂದಿನ ಅಂಚಿಗೂ ನಡುವೆ ಬಿದ್ದಿದ್ದರೆ ಫಿಲ್ಮ್ ನೇರ. ಅಲ್ಲಿಂದ ಜಾರಿ ಆಚೆ ಈಚೆ ಹೋಗಿದ್ದರೆ ಕೈ ತಿರುಗಿದೆ. ಡಾಕ್ಟರ್ ಕೇಳದಿದ್ದರೂ ನಾವೇ ಇನ್ನೊಂದು ತೆಗೆದುಕೊಡಬೇಕು.

ಕೈಮರ

ಇದನ್ನು ನಿಮ್ಮ ಕೋಣೆಯ ಗೋಡೆಗೆ ಅಂಟಿಸಿ. ಒಂದು ಮಾತು ಸೇರಿಸುತ್ತೇನೆ. ಕ್ಯಾಪಿಟೇಟೇ ಜಾಗ ಬಿಟ್ಟಿದ್ದರೆ ಈ ಗುರುತು ಕೈಕೊಡುತ್ತದೆ. ಆಗ ರೇಡಿಯಸ್ ಮತ್ತು ಅಲ್ನಾ ಒಂದರ ಮೇಲೊಂದು ಸರಿಯಾಗಿ ಬಿದ್ದಿವೆಯಾ ನೋಡಿಕೊಳ್ಳಿ.

ಮೇಡಂ, ತಪ್ಪಿದ್ದು ನೀವೊಬ್ಬರೇ ಅಲ್ಲ. ಹರ್ಜ್‌ಬರ್ಗ್ ಮತ್ತು ಜೊತೆಗಾರರು 1993ರಲ್ಲಿ ಹಲವು ಆಸ್ಪತ್ರೆಗಳ 166 ಕೇಸು ಒಟ್ಟು ಮಾಡಿದ್ದರು. ಅದರಲ್ಲಿ ನಾಲ್ಕರಲ್ಲಿ ಒಂದನ್ನು ಮೊದಲ ಸಲ ಯಾರೂ ಹಿಡಿದಿರಲಿಲ್ಲ. ಹೊರಗಿನಿಂದ ಕೈ ಅಷ್ಟೇನೂ ಡೊಂಕು ಕಾಣಲ್ಲ, ಫಿಲ್ಮ್‌ನಲ್ಲಿ ಮುರಿತದ ಗೆರೆ ಇರಲ್ಲ. ಎಲ್ಲರೂ ಗೆರೆ ಹುಡುಕುತ್ತಾರೆ, ಸಾಲು ನೋಡುವುದಿಲ್ಲ.

ಅಮ್ಮನ ಮಗಳು

ಡಾಕ್ಟ್ರೆ, ನನ್ನ ಅಮ್ಮನಿಗೂ ಇದೇ ಮೂರು ಬೆರಳಿಗೆ ರಾತ್ರಿ ಜೋಮು ಬರುತ್ತೆ. ಎರಡು ವರ್ಷದಿಂದ ಇದೆ. ಎಲ್ಲೂ ಬಿದ್ದಿಲ್ಲ. ಅವರಿಗೂ ಮೂಳೆ ಜಾರಿದೆಯಾ? ಎಕ್ಸ್-ರೇ ತೆಗೆಸಬೇಕಾ?

ಮಳೆಕಾಡು

ಇಲ್ಲಮ್ಮ, ಅದು ಬೇರೆ. ಬೀಳದೆ, ನಿಧಾನವಾಗಿ, ವರ್ಷಗಟ್ಟಲೆ ಬಂದ ಜೋಮು ಸಾಮಾನ್ಯವಾಗಿ ಕಾರ್ಪಲ್ ಟನಲ್ ತೊಂದರೆ. ಅದೇ ಮೀಡಿಯನ್ ನರವೇ. ಆದರೆ ಅಲ್ಲಿ ನರದ ದಾರಿ ತಾನಾಗಿ ಇಕ್ಕಟ್ಟಾಗಿರುತ್ತೆ. ಅಮ್ಮನನ್ನು ಒಮ್ಮೆ ತೋರಿಸಿ, ಶುಗರ್ ಮತ್ತು ಥೈರಾಯ್ಡ್ ಸಹ ನೋಡಿಸಿ. ಭಯ ಪಡುವ ತುರ್ತು ಇಲ್ಲ.

ಕೈಮರ

ಸರಿಯಾಗಿ ಹೇಳಿದಿರಿ. ಬಿದ್ದ ಮೇಲೆ ಗಂಟೆಗಳಲ್ಲೋ ದಿನಗಳಲ್ಲೋ ಶುರುವಾದ ಜೋಮು ಬೇರೆಯದೇ ಕಥೆ. ಈ ರೋಗಿಯಲ್ಲಿ ಲ್ಯೂನೇಟ್ ಅಂಗೈ ಕಡೆ ವಾಲಿ ನರವನ್ನು ಒತ್ತುತ್ತಿದೆ. ಊತ, ರಕ್ತ ಕೂಡ ಅದೇ ಇಕ್ಕಟ್ಟಿನಲ್ಲಿ ತುಂಬಿದೆ. ಉಳುಕಿಗೆ ಜೋಮು ಬರಲ್ಲ. ಬಿದ್ದ ಕೈಯಲ್ಲಿ ಈ ಮೂರು ಬೆರಳ ಜೋಮು ಇದ್ದರೆ ಫಿಲ್ಮ್ ಏನೇ ಹೇಳಲಿ, ಮತ್ತೆ ನೋಡಿ.

ಎರಡನೇ ವರ್ಷದ ಪಿ.ಜಿ.

ಸರ್, ಸಂದಿನ ವಿಷಯ ಒಪ್ಪಿದೆ. ಆದರೆ ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದರೆ ಯಾಕೆ ಸಾಲದು? ನಮ್ಮ ಯೂನಿಟ್‌ನಲ್ಲಿ ಒಬ್ಬರಿಗೆ ಬೆರಳಿಗೆ ಬಲೆ ಹಾಕಿ ತೂಗಿಸಿ ಎಳೆದೆವು. ಟಕ್ ಅಂತ ಕೂತಿತು. ಫಿಲ್ಮ್ ಚೆನ್ನಾಗಿತ್ತು.

ಕೈಮರ

ಎಳೆದು ಕೂರಿಸುವುದು ಒಳ್ಳೆಯ ಕೆಲಸ. ಮೊದಲ ದಿನ ಅದನ್ನೇ ಮಾಡಬೇಕು. ನೋವಿಲ್ಲದಂತೆ ಬ್ಲಾಕ್ ಕೊಟ್ಟು, ಮೊಣಕೈ ಮಡಚಿ, ನಾಲ್ಕೈದು ಕಿಲೋ ತೂಕ ಕಟ್ಟಿ ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಬೇಕು. ಸ್ನಾಯು ಸಡಿಲ ಆಗಲಿ. ಆಮೇಲೆ ನಿಮ್ಮ ಹೆಬ್ಬೆರಳನ್ನು ಅಂಗೈ ಕಡೆಯಿಂದ ಲ್ಯೂನೇಟ್ ಮೇಲೆ ಒತ್ತಿ ಹಿಡಿಯಿರಿ. ಅದು ಕದಲಬಾರದು. ಎಳೆತ ಬಿಡದೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ, ಆಮೇಲೆ ಮೆಲ್ಲಗೆ ಮುಂದಕ್ಕೆ ತನ್ನಿ. ನಿಂಬೆಹಣ್ಣು ಬಟ್ಟಲಿಗೆ ಇಳಿಯುತ್ತದೆ. ಒತ್ತಡ ಇಳಿದ ಕೂಡಲೇ ನರಕ್ಕೆ ಉಸಿರು ಬರುತ್ತದೆ. ಬೆರಳ ಸ್ಪರ್ಶ ಮುಂಚೆ ಎಷ್ಟಿತ್ತು, ಈಗ ಎಷ್ಟಿದೆ, ಎರಡೂ ಬರೆದಿಡಿ.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಸಾಲದು. ಯಾಕೆ ಅಂತ ಅರ್ಥ ಮಾಡಿಕೊಳ್ಳಲು ಗಾಯ ಆಗುವ ಕ್ರಮ ನೋಡಬೇಕು. ಮೇಫೀಲ್ಡ್ ಮತ್ತು ಸಂಗಡಿಗರು 1980ರಲ್ಲಿ ಶವದ ಮಣಿಕಟ್ಟುಗಳ ಮೇಲೆ ಇದನ್ನು ತೋರಿಸಿದರು. ಕೈ ಹಿಂದಕ್ಕೆ ಬಾಗಿ ನೆಲಕ್ಕೆ ಬಿದ್ದಾಗ ಹರಿತ ಹೆಬ್ಬೆರಳ ಕಡೆಯಿಂದ ಶುರುವಾಗುತ್ತದೆ. ಮೊದಲು ಸ್ಕೇಫಾಯ್ಡ್‌ಗೂ ಲ್ಯೂನೇಟ್‌ಗೂ ನಡುವಿನ ಲಿಗಮೆಂಟ್ ಹೋಗುತ್ತದೆ. ಬಲ ಅಲ್ಲಿಗೇ ಮುಗಿದರೆ ಅದು ಬರೀ ಸ್ಕೇಫೋಲ್ಯೂನೇಟ್ ಗಾಯ. ಇನ್ನೂ ಬಲ ಇದ್ದರೆ ಕ್ಯಾಪಿಟೇಟ್ ಬಿಡಿಸಿಕೊಳ್ಳುತ್ತದೆ. ಮುಂದೆ ಕಿರುಬೆರಳ ಕಡೆ ಟ್ರೈಕ್ವೆಟ್ರಮ್ ಬಿಡಿಸಿಕೊಳ್ಳುತ್ತದೆ. ಕೊನೆಗೆ ಲ್ಯೂನೇಟೇ ಹೊರಬೀಳುತ್ತದೆ. ಅಂದರೆ ನಿಮ್ಮ ಮುಂದಿರುವ ಪ್ರತಿ ಪೆರಿಲ್ಯೂನೇಟ್ ಕೇಸಿನಲ್ಲೂ, ಸ್ಕೇಫಾಯ್ಡ್ ಮೂಳೆಯೇ ಮುರಿದು ಬಲ ಅದರ ಮೂಲಕ ಹಾಯದಿದ್ದರೆ, ಆ ಮೊದಲ ಲಿಗಮೆಂಟ್ ಹರಿದಿರುತ್ತದೆ.

ಈಗ ಪ್ಲಾಸ್ಟರ್ ಒಳಗೆ ಏನಾಗುತ್ತೆ ನೋಡಿ. ಸ್ಕೇಫಾಯ್ಡ್‌ಗೆ ತನ್ನಷ್ಟಕ್ಕೆ ಅಂಗೈ ಕಡೆ ಮಡಚಿಕೊಳ್ಳುವ ಗುಣ. ಟ್ರೈಕ್ವೆಟ್ರಮ್‌ಗೆ ಲ್ಯೂನೇಟನ್ನು ಹಿಂದಕ್ಕೆ ಎಳೆಯುವ ಗುಣ. ನಡುವಿನ ಲಿಗಮೆಂಟ್ ಇಬ್ಬರನ್ನೂ ಹಿಡಿದಿತ್ತು. ಅದು ಹೋದ ಮೇಲೆ ಒಂದು ಆ ಕಡೆ, ಒಂದು ಈ ಕಡೆ. ಪ್ಲಾಸ್ಟರ್ ಹೊರಗಿಂದ ಮಣಿಕಟ್ಟನ್ನು ಹಿಡಿಯುತ್ತದೆ, ಒಳಗಿನ ಈ ಎರಡು ಮೂಳೆಯನ್ನು ಹಿಡಿಯಲಾರದು. ಹರಿದ ತುದಿಗಳು ಒಂದಕ್ಕೊಂದು ತಾಗುವುದೇ ಇಲ್ಲ. ನಿಮ್ಮ ಯೂನಿಟ್‌ನ ರೋಗಿಯನ್ನು ಮೂರನೇ ವಾರ ಮತ್ತೆ ಎಕ್ಸ್-ರೇ ಮಾಡಿದ್ದೀರಾ?

ಎರಡನೇ ವರ್ಷದ ಪಿ.ಜಿ.

ಇಲ್ಲ ಸರ್. ನಾಳೆ ನಂಬರ್ ಹುಡುಕಿ ಕರೆಸುತ್ತೇನೆ.

ಬುಲೆಟ್ ಸವಾರ

ನಾನು ಡಾಕ್ಟರ್ ಅಲ್ಲ, ರೋಗಿ. ಒಂದೂವರೆ ವರ್ಷದ ಹಿಂದೆ ಬೈಕಿನಿಂದ ಬಿದ್ದೆ. ಆಗ ಉಳುಕು ಅಂದರು. ನೋವು ಹೋಗಲೇ ಇಲ್ಲ. ಮೊನ್ನೆ ಎಂ.ಆರ್.ಐ. ಮಾಡಿಸಿದೆ. ಸ್ಕೇಫೋಲ್ಯೂನೇಟ್ ಲಿಗಮೆಂಟ್ ಹರಿದಿದೆ, ಕೋನ 75 ಡಿಗ್ರಿ ಅಂತ ಬರೆದಿದ್ದಾರೆ. ನನಗೆ ಜೋಮು ಇಲ್ಲ. ಪುಷ್-ಅಪ್ ಮಾಡಿದರೆ ಮಾತ್ರ ಹಿಂಗೈ ನಡುವೆ ಚುಚ್ಚುತ್ತೆ. ನನಗೂ ಮೂಳೆ ಜಾರಿದೆಯಾ? ನೀವು ಹೇಳಿದ ಹಾಗೆ ಎಳೆದು ಕೂರಿಸಬಹುದಾ?

ಕೈಮರ

ಇಲ್ಲ, ನಿಮ್ಮದು ಎಳೆದು ಕೂರಿಸುವಂಥದ್ದಲ್ಲ. ನಿಮ್ಮ ಬಲ ಮೊದಲ ನಿಲ್ದಾಣದಲ್ಲೇ ನಿಂತಿದೆ. ಕ್ಯಾಪಿಟೇಟ್ ಜಾಗದಲ್ಲೇ ಇದೆ. ಆದರೆ 75 ಅನ್ನುವುದು ಲಕ್ಷ್ಯ ಕೊಡಬೇಕಾದ ಸಂಖ್ಯೆ. ಪಕ್ಕದ ಫಿಲ್ಮ್‌ನಲ್ಲಿ ಸ್ಕೇಫಾಯ್ಡ್‌ಗೂ ಲ್ಯೂನೇಟ್‌ಗೂ ನಡುವಿನ ಕೋನ ಸಾಮಾನ್ಯವಾಗಿ 30ರಿಂದ 60 ಇರುತ್ತದೆ. ಎಪ್ಪತ್ತು ದಾಟಿದರೆ ಸ್ಕೇಫಾಯ್ಡ್ ಮಡಚಿಕೊಂಡಿದೆ, ಲ್ಯೂನೇಟ್ ಹಿಂದಕ್ಕೆ ವಾಲಿದೆ. ಇದನ್ನು ಎಂ.ಆರ್.ಐ. ವರದಿಯಿಂದ ನಂಬಬೇಡಿ. ಅಲ್ಲಿ ಕೈ ಹೇಗೋ ಇಟ್ಟಿರುತ್ತಾರೆ. ನೇರವಾದ ಎಕ್ಸ್-ರೇಯಲ್ಲಿ ಅಳೆಸಿ.

ಜೊತೆಗೆ ಎರಡೂ ಕೈಯ ಫಿಲ್ಮ್ ಬೇಕು. ಕೆಲವರಿಗೆ ಹುಟ್ಟಿನಿಂದಲೇ ಸಂದು ಅಗಲ ಇರುತ್ತದೆ. ಎರಡೂ ಕೈಯಲ್ಲಿ ಒಂದೇ ಥರ ಇದ್ದರೆ ಅದು ಗಾಯವೇ ಅಲ್ಲ.

ಕತ್ತಲ ಕೋಣೆ

ಎರಡೂ ಕೈಯಲ್ಲಿ ಪೆನ್ಸಿಲ್ ಬಿಗಿಯಾಗಿ ಹಿಡಿಸಿ, ಅಂಗೈ ಕೆಳಗೆ ಮಾಡಿಸಿ, ಒಂದೇ ಫಿಲ್ಮ್‌ನಲ್ಲಿ ತೆಗೆಯುತ್ತೇವೆ. ಮುಷ್ಟಿ ಬಿಗಿದಾಗ ಕ್ಯಾಪಿಟೇಟ್ ಕೆಳಗೆ ಒತ್ತಿ ಆ ಸಂದನ್ನು ಅಗಲ ಮಾಡುತ್ತೆ. ಸುಮ್ನೆ ಇಟ್ಟ ಕೈಯಲ್ಲಿ ಕಾಣದ್ದು ಇದರಲ್ಲಿ ಕಾಣುತ್ತೆ. ಆದರೆ ಹೊಸದಾಗಿ ಬಿದ್ದು ಊದಿದ ಕೈಗೆ ನಾವು ಮಾಡಲ್ಲ.

ಬುಲೆಟ್ ಸವಾರ

ಆಪರೇಷನ್ ಬೇಡ ಅಂದರೆ ಏನಾಗುತ್ತೆ ಸರ್? ನೋವು ಅಷ್ಟೇನೂ ಇಲ್ಲ.

ಕೈಮರ

ಎಲ್ಲರಿಗೂ ಒಂದೇ ಥರ ಆಗಲ್ಲ. ಆದರೆ ಮಡಚಿಕೊಂಡ ಸ್ಕೇಫಾಯ್ಡ್ ರೇಡಿಯಸ್‌ನ ಗುಂಡಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಅಂಚಿನ ಮೇಲೆ ಉಜ್ಜುತ್ತದೆ. ವರ್ಷಗಳಲ್ಲಿ ಸವೆತ ಮೊದಲು ರೇಡಿಯಸ್ ತುದಿಯಲ್ಲಿ ಶುರುವಾಗಿ, ಆಮೇಲೆ ಇಡೀ ಗುಂಡಿಗೆ, ಕೊನೆಗೆ ಕ್ಯಾಪಿಟೇಟ್ ಮತ್ತು ಲ್ಯೂನೇಟ್ ನಡುವೆ ಹೋಗುತ್ತದೆ. ವಾಟ್ಸನ್ ಮತ್ತು ಬ್ಯಾಲೆ 1984ರಲ್ಲಿ ಈ ಕ್ರಮ ಬರೆದರು. ಲ್ಯೂನೇಟ್ ಕೂತ ಗುಂಡಿ ಮಾತ್ರ ಉಳಿದುಕೊಳ್ಳುತ್ತದೆ, ಅದು ದುಂಡಗಿರುವುದರಿಂದ. ಮುಂದೆ ಕೀಲು ಉಳಿಸುವ ಆಪರೇಷನ್‌ಗಳು ಆ ಉಳಿದ ಗುಂಡಿಯನ್ನೇ ನೆಚ್ಚಿಕೊಂಡಿವೆ.

ಸವೆಯುವ ಮುಂಚೆ ಬಂದರೆ ಬೇರೆ ದಾರಿ ಇದೆ. ಒಂದೂವರೆ ವರ್ಷದಲ್ಲಿ ಹರಿದ ತುದಿಗಳು ಕುಗ್ಗಿರುತ್ತವೆ, ಹೊಲಿಗೆ ನಿಲ್ಲುವುದು ಅಪರೂಪ. ಸ್ಕೇಫಾಯ್ಡ್ ಕೈಯಲ್ಲಿ ನೆಟ್ಟಗಾಗುವಂತಿದ್ದು, ಒಳಗಿನ ಮೃದ್ವಸ್ಥಿ ಚೆನ್ನಾಗಿದ್ದರೆ, ಮಣಿಕಟ್ಟು ಮಡಚುವ ಒಂದು ಸ್ನಾಯುರಜ್ಜುವಿನ ಪಟ್ಟಿ ತೆಗೆದು ಸ್ಕೇಫಾಯ್ಡ್‌ನಲ್ಲಿ ರಂಧ್ರ ಮಾಡಿ ಹಿಂಗೈ ಕಡೆ ತಂದು ಲ್ಯೂನೇಟ್‌ಗೆ ಕಟ್ಟುತ್ತೇವೆ. ಬ್ರುನೆಲ್ಲಿ ಶುರು ಮಾಡಿದ ದಾರಿ, ಬಾರ್ಸಿಲೋನಾದ ಗಾರ್ಸಿಯಾ-ಎಲಿಯಾಸ್ ತಿದ್ದಿದ್ದು. ನೋವು ಕಡಿಮೆ ಆಗುತ್ತದೆ. ಬಾಗುವುದು ಸ್ವಲ್ಪ ಕಮ್ಮಿಯಾಗುತ್ತದೆ. ವರ್ಷಗಳ ಮೇಲೆ ಕೋನ ಸ್ವಲ್ಪ ವಾಪಸ್ ಹೋಗುವುದನ್ನೂ ನೋಡಿದ್ದೇನೆ. ಇಲ್ಲಿ ಕೂತು ನಿಮಗೆ ಮಾಡಿಸಿ, ಬೇಡ ಅಂತ ಹೇಳಲಾರೆ. ಕೈ ಮುಟ್ಟಿ ನೋಡುವವರ ಹತ್ತಿರ ಹೋಗಿ. ತಡ ಮಾಡಬೇಡಿ.

ಮಳೆಕಾಡು

ನಮ್ಮ ರೋಗಿಯ ಸುದ್ದಿ. ಹನ್ನೆರಡನೇ ದಿನ ಆಪರೇಷನ್ ಆಯಿತು. ಒಂಬತ್ತನೇ ದಿನ ಎಳೆದು ನೋಡಿದ್ದರಂತೆ, ಕೂರಲಿಲ್ಲ. ನಾನು ಅನುಮತಿ ಕೇಳಿ ಒಳಗೆ ನಿಂತು ನೋಡಿದೆ. ಕಂಡದ್ದು ಬರೆಯುತ್ತೇನೆ.

ಮೊದಲು ಅಂಗೈ ಕಡೆ ಸೀಳಿದರು. ಕಾರ್ಪಲ್ ಟನಲ್ ಬಿಡಿಸಿದರು. ನರ ಕೆಂಪಾಗಿ ಊದಿತ್ತು, ಆದರೆ ಹರಿದಿರಲಿಲ್ಲ. ನರ ಮತ್ತು ಬೆರಳ ಸ್ನಾಯುರಜ್ಜುಗಳನ್ನು ಪಕ್ಕಕ್ಕೆ ಸರಿಸಿದಾಗ ಕೀಲಿನ ಪೊರೆಯಲ್ಲಿ ಅಡ್ಡಡ್ಡ ಒಂದು ಬಿರುಕು. ಬಾಯಿ ತೆರೆದ ಹಾಗೆ. ಅದರೊಳಗೆ ಲ್ಯೂನೇಟ್‌ನ ಬೆಳ್ಳಗಿನ ಮುಖ ಕಾಣುತ್ತಿತ್ತು. ಹಿಂದಿನಿಂದ ಮೂಳೆ ಕೂರಿಸಿದ ಮೇಲೆ ಆ ಬಿರುಕನ್ನು ಹೊಲಿದರು.

ಆಮೇಲೆ ಹಿಂಗೈ ಕಡೆ. ಹೆಬ್ಬೆರಳು ಎತ್ತುವ ಉದ್ದ ಸ್ನಾಯುರಜ್ಜುವನ್ನು ಅದರ ಕಾಲುವೆಯಿಂದ ಬಿಡಿಸಿ, ಮೂರನೇ ಮತ್ತು ನಾಲ್ಕನೇ ಕಾಲುವೆ ನಡುವೆ ಹೋದರು. ಲ್ಯೂನೇಟ್‌ಗೆ ಒಂದು, ಸ್ಕೇಫಾಯ್ಡ್‌ಗೆ ಒಂದು ದಪ್ಪ ಕೆ-ವೈರ್ ಚುಚ್ಚಿದರು. ಆ ತಂತಿಗಳನ್ನೇ ಹಿಡಿಯಾಗಿ ಹಿಡಿದು ಎರಡು ಮೂಳೆಯನ್ನು ತಿರುಗಿಸಿ ಹತ್ತಿರ ತಂದರು. ಸಿ-ಆರ್ಮ್‌ನಲ್ಲಿ ಪಕ್ಕದ ನೋಟ ನೋಡಿ, ಸಾಲು ಬಂದ ಮೇಲೆ ಅಡ್ಡ ತಂತಿ ಹಾಕಿದರು. ಸ್ಕೇಫಾಯ್ಡ್‌ನಿಂದ ಲ್ಯೂನೇಟ್‌ಗೆ ಎರಡು, ಸ್ಕೇಫಾಯ್ಡ್‌ನಿಂದ ಕ್ಯಾಪಿಟೇಟ್‌ಗೆ ಒಂದು, ಕಿರುಬೆರಳ ಕಡೆ ಟ್ರೈಕ್ವೆಟ್ರಮ್‌ನಿಂದ ಲ್ಯೂನೇಟ್‌ಗೆ ಒಂದು. ಲಿಗಮೆಂಟ್ ಸ್ಕೇಫಾಯ್ಡ್ ಕಡೆಯಿಂದ ಕಿತ್ತು ಬಂದಿತ್ತು. ಸಣ್ಣ ಆಂಕರ್ ಹಾಕಿ ದಾರದಿಂದ ಮತ್ತೆ ಕೂರಿಸಿದರು. ಕ್ಯಾಪಿಟೇಟ್ ತಲೆಯ ಮೇಲೆ ಮೃದ್ವಸ್ಥಿಯ ಒಂದು ತುಣುಕು ಸಿಡಿದಿತ್ತು. ಯಾವ ಫಿಲ್ಮ್‌ನಲ್ಲೂ ಅದು ಕಂಡಿರಲಿಲ್ಲ.

ರಾತ್ರಿಯೇ ತೋರುಬೆರಳ ಜೋಮು ಕಡಿಮೆ ಅಂದರು. ಒಂದು ಪ್ರಶ್ನೆ ಉಳಿದಿದೆ. ಸ್ಕೇಫೋಲ್ಯೂನೇಟ್ ಲಿಗಮೆಂಟಿನ ಹಿಂಗೈ ಭಾಗವನ್ನೇ ಯಾಕೆ ಹೊಲಿದರು? ಅದರ ಮುಂದಿನ ಭಾಗ ಬಿಟ್ಟರಲ್ಲ?

ಕೈಮರ

ಆ ಲಿಗಮೆಂಟ್ ಕುದುರೆ ಲಾಳದ ಆಕಾರ. ಹಿಂಗೈ ಕಡೆಯ ಭಾಗ ದಪ್ಪ. ಪ್ರಯೋಗಾಲಯದಲ್ಲಿ ಎಳೆದು ನೋಡಿದಾಗ ಅದು ಸುಮಾರು 260 ನ್ಯೂಟನ್ ತಡೆಯಿತು, ಅಂದರೆ ಹೆಚ್ಚು ಕಡಿಮೆ 26 ಕಿಲೋ ತೂಕ. ಅಂಗೈ ಕಡೆಯದು ಅದರ ಅರ್ಧವನ್ನೂ ತಡೆಯಲಿಲ್ಲ. ಮಧ್ಯದ್ದು ಬರೀ ಪೊರೆ. ಹಿಂಗೈ ಭಾಗ ಉಳಿದರೆ ಎರಡು ಮೂಳೆ ಉಳಿಯುತ್ತವೆ.

ಹಳೇ ಆರ್ಥೋ

ನಾನು ಜಿಲ್ಲೆಯಲ್ಲಿ ಮೂಳೆ ಡಾಕ್ಟರ್, ಮೂವತ್ತು ವರ್ಷ ಆಯಿತು. ಒಂದು ತಕರಾರು ಇದೆ. ಎರಡೂ ಕಡೆ ಸೀಳುವುದು ನನಗೆ ಒಪ್ಪಿಗೆ ಇಲ್ಲ. ಹಿಂಗೈ ಕಡೆಯಿಂದಲೇ ಎಲ್ಲ ಕೂರುತ್ತದೆ. ಕೂತ ಮೇಲೆ ನರದ ಒತ್ತಡ ತಾನೇ ಇಳಿಯುತ್ತದೆ. ಎರಡು ಗಾಯ ಮಾಡಿದರೆ ಬಿಗಿತ ಜಾಸ್ತಿ. ನನ್ನ ರೋಗಿಗಳು ಹಿಂದಿನ ಒಂದೇ ಸೀಳಿನಲ್ಲಿ ಚೆನ್ನಾಗಿದ್ದಾರೆ.

ಕೈಮರ

ಸರ್, ಜೋಮು ಇಲ್ಲದವರಲ್ಲಿ ನಾನೂ ಹಿಂದಿನಿಂದ ಮಾತ್ರ ಹೋಗುತ್ತೇನೆ. ಆದರೆ ಈ ರೋಗಿಯಲ್ಲಿ ನರ ಒಂಬತ್ತು ದಿನ ಒತ್ತಡದಲ್ಲಿತ್ತು, ಎಳೆದರೂ ಕೂರಲಿಲ್ಲ. ಇಲ್ಲಿ ನರವನ್ನು ಕಣ್ಣಾರೆ ನೋಡಿ ಬಿಡಿಸುವುದೇ ನನಗೆ ಸರಿ ಕಾಣುತ್ತದೆ. ಮುಂದಿನ ಬಿರುಕನ್ನು ಹೊಲಿದರೆ ಲ್ಯೂನೇಟ್ ಮತ್ತೆ ಮುಂದಕ್ಕೆ ವಾಲುವುದಕ್ಕೆ ತಡೆ ಸಿಗುತ್ತದೆ ಅನ್ನುವುದು ನನ್ನ ಅನುಭವ. ಬಿಗಿತದ ವಿಷಯದಲ್ಲಿ ನಿಮ್ಮ ಮಾತು ತಳ್ಳಿಹಾಕಲಾರೆ.

ಹಳೇ ಆರ್ಥೋ

ನರ ಒತ್ತಿದ್ದರೆ ಬಿಡಿಸಿ, ಅದಕ್ಕೆ ನನ್ನ ವಿರೋಧ ಇಲ್ಲ. ಎಲ್ಲರಿಗೂ ಎರಡು ಸೀಳು ಅಂತ ಹುಡುಗರು ಕಲಿಯಬಾರದು ಅಷ್ಟೇ. ಇನ್ನೊಂದು. ತಂತಿಗಳನ್ನು ಚರ್ಮದ ಹೊರಗೆ ಬಿಡಬೇಡಿ. ಕೊನೆ ತೆಗೆಯುವವರು ಊರಿಗೆ ಹೋದ ಮೇಲೆ ಪ್ಲಾಸ್ಟರ್ ಒಳಗೆ ನೀರು, ಬೆವರು ಸೇರುತ್ತೆ. ಕೀವು ಬಂದು ಐದನೇ ವಾರಕ್ಕೇ ತಂತಿ ತೆಗೆಯಬೇಕಾಯಿತು, ಸಂದು ಮತ್ತೆ ತೆರೆಯಿತು. ಒಬ್ಬರಲ್ಲಿ ಹಾಗಾಗಿದೆ. ಚರ್ಮದ ಕೆಳಗೆ ಹೂಳಿ, ಎಂಟರಿಂದ ಹತ್ತು ವಾರ ಇಡಿ.

ಎರಡನೇ ವರ್ಷದ ಪಿ.ಜಿ.

ಕೈಮರ ಸರ್, ನಮ್ಮ ರೋಗಿ ಬಂದರು. ಐದನೇ ವಾರ. ಪ್ಲಾಸ್ಟರ್ ಒಳಗೇ ಸಂದು 5 ಮಿ.ಮೀ. ತೆರೆದಿದೆ. ಎದುರಿನ ಫಿಲ್ಮ್‌ನಲ್ಲಿ ಸ್ಕೇಫಾಯ್ಡ್ ಗಿಡ್ಡವಾಗಿ, ಒಳಗೆ ಉಂಗುರ ಇಟ್ಟ ಹಾಗೆ ಕಾಣುತ್ತೆ. ಮೊದಲ ದಿನದ ಫಿಲ್ಮ್ ಚೆನ್ನಾಗಿತ್ತಲ್ಲ, ಅದನ್ನೇ ನಂಬಿದ್ದೆವು.

ಕೈಮರ

ಆ ಉಂಗುರ ಅಂದರೆ ಸ್ಕೇಫಾಯ್ಡ್ ಪೂರ್ತಿ ಮಡಚಿದೆ. ಅದರ ತುದಿಯನ್ನು ನೀವು ಎದುರಿನಿಂದ ನೋಡುತ್ತಿದ್ದೀರಿ, ಕೊಳವೆಯನ್ನು ಬಾಯಿಯ ಕಡೆಯಿಂದ ನೋಡಿದ ಹಾಗೆ. ಐದು ವಾರದಲ್ಲಿ ಇನ್ನೂ ತೆರೆದು ಸರಿ ಮಾಡಲು ಅವಕಾಶ ಇದೆ. ಕಷ್ಟ ಇದೆ, ಆದರೆ ಇದೆ. ಇನ್ನೂ ಕೆಲವು ವಾರ ಕಳೆದರೆ ಅಂಟು ಗಟ್ಟಿಯಾಗಿ, ಕೂರಿಸಲು ಹೋದರೆ ಮೃದ್ವಸ್ಥಿ ಕಿತ್ತು ಬರುತ್ತದೆ. ಆಗ ಮೊದಲ ಸಾಲಿನ ಮೂಳೆಗಳನ್ನೇ ತೆಗೆಯುವ ಮಾತು ಬರುತ್ತದೆ. ನಾಳೆಯೇ ನಿಮ್ಮ ಚೀಫ್‌ಗೆ ತೋರಿಸಿ. ಕರೆಸಿದ್ದು ಒಳ್ಳೆಯದಾಯಿತು.

ಮಳೆಕಾಡು

ಮೂರು ತಿಂಗಳಾದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಒಂಬತ್ತನೇ ವಾರ ತಂತಿ ತೆಗೆದರು. ಬೆರಳು ಮೊದಲ ದಿನದಿಂದ ಆಡಿಸಿದ್ದರಿಂದ ಮುಷ್ಟಿ ಪೂರ್ತಿ ಬರುತ್ತೆ. ಮಣಿಕಟ್ಟು ಹಿಂದೆ ಮುಂದೆ ಸೇರಿ 60 ಡಿಗ್ರಿ ಬಾಗುತ್ತೆ. ಜೋಮು ಹೆಬ್ಬೆರಳ ತುದಿಯಲ್ಲಿ ಮಾತ್ರ ಉಳಿದಿದೆ. ಸಂದು 2 ಮಿ.ಮೀ. ಸಾಲು ಚೆನ್ನಾಗಿದೆ.

ಆದರೆ ಇವತ್ತಿನ ಫಿಲ್ಮ್‌ನಲ್ಲಿ ಲ್ಯೂನೇಟ್ ಅಕ್ಕಪಕ್ಕದ ಮೂಳೆಗಿಂತ ಬೆಳ್ಳಗೆ ಕಾಣುತ್ತಿದೆ. ರಕ್ತ ಸಿಗದೆ ಸಾಯುತ್ತಿದೆಯಾ? ಅವರಿಗೆ ಏನು ಹೇಳಲಿ? ಮರ ಹತ್ತಬಹುದಾ ಅಂತಲೂ ಕೇಳುತ್ತಿದ್ದಾರೆ. ಅವರ ಮನೆ ನಡೆಯುವುದು ಅದರಿಂದಲೇ.

ಕೈಮರ

ಬೆಳ್ಳಗಾದ ಮಾತ್ರಕ್ಕೆ ಸತ್ತಿದೆ ಅನ್ನಬೇಡಿ. ಸುತ್ತಲಿನ ಮೂಳೆಗಳು ಪ್ಲಾಸ್ಟರ್‌ನಲ್ಲಿ ಸುಣ್ಣ ಕಳೆದುಕೊಂಡು ಕಪ್ಪಾಗುತ್ತವೆ. ರಕ್ತ ಕಡಿಮೆ ಹರಿದ ಲ್ಯೂನೇಟ್ ಸುಣ್ಣ ಕಳೆದುಕೊಳ್ಳದೆ ಬೆಳ್ಳಗೆ ಎದ್ದು ಕಾಣುತ್ತದೆ. ಅಂಗೈ ಕಡೆಯ ಪೊರೆಗೆ ಅಂಟಿಕೊಂಡ ರಕ್ತನಾಳ ಉಳಿದಿದ್ದರೆ ಹೆಚ್ಚಿನವರಲ್ಲಿ ಇದು ತಿಂಗಳುಗಳಲ್ಲಿ ಸರಿ ಹೋಗುತ್ತದೆ. ಎರಡು ತಿಂಗಳಿಗೊಮ್ಮೆ ಫಿಲ್ಮ್ ತೆಗೆಸಿ. ಆಕಾರ ಕುಸಿಯುತ್ತಿದೆಯಾ ನೋಡಿ. ಬಣ್ಣಕ್ಕಿಂತ ಆಕಾರ ಮುಖ್ಯ.

ಮರ ಹತ್ತುವ ವಿಷಯ ನನಗೂ ಕಷ್ಟದ ಪ್ರಶ್ನೆ. ಆರು ತಿಂಗಳ ಮುಂಚೆ ಬೇಡ. ಆಮೇಲೂ ಹಿಡಿತ ಇನ್ನೊಂದು ಕೈಯ ಮುಕ್ಕಾಲಾದರೂ ಬರಲಿ. ಮೈಯ ಭಾರ ಕೈಯಲ್ಲಿ ನೇತು ಬೀಳುವ ಕೆಲಸ ಅದು. ಕ್ಯಾಪಿಟೇಟ್ ಮೇಲೆ ತುಣುಕು ಸಿಡಿದಿದ್ದರಿಂದ ಅಲ್ಲಿ ಸವೆತ ಬೇಗ ಬರುವ ಸಾಧ್ಯತೆಯೂ ಇದೆ.

ಹಳೇ ಆರ್ಥೋ

ನನ್ನ ಇಬ್ಬರು ಹತ್ತುತ್ತಿದ್ದಾರೆ. ಒಬ್ಬರು ಬಿಟ್ಟು ಸುಲಿಯುವ ಕೆಲಸಕ್ಕೆ ಹೋದರು, ಅದರಲ್ಲಿ ಮಣಿಕಟ್ಟು ಇನ್ನೂ ನೋಯುತ್ತೆ ಅಂತಾರೆ. ನೆಲದಲ್ಲಿ ನಿಂತು ದೋಟಿಯಿಂದ ಕೊನೆ ತೆಗೆಯುವುದನ್ನು ಮೊದಲು ಅಭ್ಯಾಸ ಮಾಡಿಸಿ ನೋಡಿ.

ಮಳೆಕಾಡು

ದೋಟಿ ವಿಷಯ ನಾಳೆ ಅವರ ಹತ್ತಿರ ಮಾತಾಡುತ್ತೇನೆ. ಐದನೇ ತಿಂಗಳ ಫಿಲ್ಮ್ ಬಂದಾಗ ಲ್ಯೂನೇಟ್ ಅಂಚನ್ನು ಎರಡೂ ಕೈಯಲ್ಲಿ ಹೋಲಿಸಿ ಇಲ್ಲೇ ಹಾಕುತ್ತೇನೆ.